ಬ್ಯಾಂಕಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಏನು ಹೇಳಬೇಕು: ಟೀಮ್ ಲೀಡರ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಹೊಸ ಬ್ಯಾಚ್ ಬಂದ ದಿನ ಟೀಮ್ ಲೀಡರ್ ಎದ್ದು ನಿಂತು ಅರ್ಧ ಗಂಟೆ ಮಾತಾಡುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಐದು ನಿಮಿಷ ಕಳೆಯುವಷ್ಟರಲ್ಲಿ ಒಬ್ಬ ಹುಡುಗ ಮೆಲ್ಲಗೆ ಬಂದು "ಸರ್, ನಾನು ಎಲ್ಲಿ ಕೂತ್ಕೊಳ್ಳಬೇಕು?" ಅಂತ ಕೇಳುತ್ತಾನೆ. ಆ ಪ್ರಶ್ನೆ ಬಂತು ಅಂದರೆ ಅರ್ಧ ಗಂಟೆಯ ಮಾತು ಕೆಲಸಕ್ಕೆ ಬರಲಿಲ್ಲ ಅಂತಲೇ ಅರ್ಥ. ಮಂಗಳೂರು, ಉಡುಪಿ ಕಡೆಯ ಶಾಖೆಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತಲೇ ಇರುವುದರಿಂದ, ಆ ಮಾತನ್ನು ಹೇಗೆ ಕಟ್ಟಬೇಕು ಅಂತ ಇಲ್ಲಿ ಬರೆದಿದ್ದೇನೆ. ಪೂರ್ತಿ ಭಾಷಣದ ಒಂದು ಮಾದರಿಯೂ ಇದೆ. ಹಾಗೇ ಓದಬೇಡಿ, ನಿಮ್ಮ ಶಾಖೆಗೆ ತಕ್ಕ ಹಾಗೆ ಬದಲಿಸಿಕೊಳ್ಳಿ.

ಗುರಿ ಇಷ್ಟೇ. ನಿಮ್ಮ ಮಾತು ಮುಗಿದ ಮೇಲೆ ಆ ಹುಡುಗ ಹುಡುಗಿಯರಿಗೆ ಇವತ್ತು ಸಂಜೆವರೆಗೆ ಏನು ಮಾಡಬೇಕು ಅಂತ ಗೊತ್ತಿರಬೇಕು, ಮತ್ತು ಕೆಲಸಕ್ಕೇ ಕುತ್ತು ತರುವ ಮೂರು ತಪ್ಪುಗಳು ಯಾವುವು ಅಂತ ನೆನಪಿರಬೇಕು. ಉಳಿದದ್ದನ್ನು ತರಬೇತಿಯಲ್ಲಿ ಕಲಿಸುತ್ತಾರೆ.

## ಹಂತ 1: ಹಿಂದಿನ ದಿನವೇ ಮಾಡಿಕೊಳ್ಳಬೇಕಾದ ತಯಾರಿ

ಮೊದಲು ಹೆಸರುಗಳ ಪಟ್ಟಿ ತೆಗೆದುಕೊಳ್ಳಿ. ಪ್ರತಿ ಹೆಸರಿನ ಎದುರು ಊರು, ಅವರಿಗೆ ಬರುವ ಭಾಷೆ, ಮತ್ತು ಇವತ್ತು ಯಾರ ಪಕ್ಕ ಕೂರುತ್ತಾರೆ ಅಂತ ಬರೆಯಿರಿ. ಈ ಮೂರನೆಯದನ್ನು ಹೆಚ್ಚಿನವರು ಬಿಟ್ಟೇ ಬಿಡುತ್ತಾರೆ. ಯಾರ ಪಕ್ಕ ಅಂತ ನಿರ್ಧರಿಸುವುದಷ್ಟೇ ಅಲ್ಲ, ಆ ಸೀನಿಯರ್‌ಗೂ ಹಿಂದಿನ ದಿನವೇ ಹೇಳಿರಬೇಕು. ಇಲ್ಲದಿದ್ದರೆ ಟ್ರೈನಿ ಕುರ್ಚಿ ಎಳೆದುಕೊಂಡು ಹೋದಾಗ "ನನಗೆ ಯಾರೂ ಹೇಳಲೇ ಇಲ್ಲ" ಅನ್ನುವ ಮಾತು ಬರುತ್ತದೆ, ಆಮೇಲೆ ಆ ದಿನವಿಡೀ ಅವರು ಬಾಗಿಲ ಬಳಿ ನಿಂತೇ ಇರುತ್ತಾರೆ.

ಎರಡನೆಯದು, ನಿಷ್ಠೆ ಮತ್ತು ಗೋಪ್ಯತೆಯ ಘೋಷಣಾ ಪತ್ರ. ರಾಷ್ಟ್ರೀಕೃತ ಬ್ಯಾಂಕ್‌ಗಳಲ್ಲಿ ಕೆಲಸ ಶುರು ಮಾಡುವ ಮೊದಲು ಇದಕ್ಕೆ ಸಹಿ ಹಾಕಬೇಕು ಅಂತ 1970 ಮತ್ತು 1980ರ ಕಾನೂನುಗಳಲ್ಲೇ ಇದೆ. ಜಾಯಿನಿಂಗ್ ರಿಪೋರ್ಟ್ ಜೊತೆ ಹತ್ತು ಕಡೆ ಸಹಿ ಹಾಕಿಸುವಾಗ ಇದಕ್ಕೂ ಸುಮ್ನೆ ಒಂದು ಸಹಿ ಬಿದ್ದಿರುತ್ತದೆ, ಯಾರೂ ಓದಿರುವುದಿಲ್ಲ. ಅದರ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ, ಮಾತಿನ ಮಧ್ಯೆ ಬೇಕಾಗುತ್ತದೆ.

ಮೂರನೆಯದು, ಒಂದೇ ಪುಟದ ಚೀಟಿ. ನಿಮ್ಮ ಮೊಬೈಲ್ ನಂಬರ್, ಮ್ಯಾನೇಜರ್ ನಂಬರ್, ಊಟದ ಸಮಯ, ಸಂಜೆ ಸೇರುವ ಸಮಯ, ಸಂಬಳಕ್ಕೆ ಖಾತೆ ತೆರೆಯಲು ಏನೇನು ತರಬೇಕು ಅನ್ನುವುದು, ಮತ್ತು ಸೈಬರ್ ವಂಚನೆಯಾದರೆ ಕರೆ ಮಾಡುವ 1930. ಇಷ್ಟೇ ಸಾಕು. ಪ್ರೊಜೆಕ್ಟರ್ ಬೇಡ, ಮೈಕ್ ಬೇಡ.

## ಹಂತ 2: ಸಮಯ ಮತ್ತು ಜಾಗ

ಮೂಲ ಪ್ರಮಾಣಪತ್ರಗಳ ತಪಾಸಣೆ ಮುಗಿಯುವ ಮೊದಲು ಮಾತು ಶುರು ಮಾಡಬೇಡಿ. ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಳೆ ಕೆಲಸದ ರಿಲೀವಿಂಗ್ ಲೆಟರ್ ಸರಿಯಿಲ್ಲ ಅಂತ ವಾಪಸ್ ಕಳಿಸಿಬಿಟ್ಟರೆ ಏನು ಗತಿ ಅಂತ ಯೋಚಿಸುತ್ತಿರುವವರ ಕಿವಿಗೆ ನಿಮ್ಮ ಮಾತು ಬೀಳುವುದಿಲ್ಲ. ಕಾಗದಪತ್ರ ಮೊದಲು, ಮಾತು ಆಮೇಲೆ.

ಶಾಖೆಯಲ್ಲೇ ಸೇರುವುದಾದರೆ ಇನ್ನೊಂದು ತೊಂದರೆ ಉಂಟು. ಹತ್ತು ಗಂಟೆಯಿಂದ ಒಂದೂವರೆ ಗಂಟೆವರೆಗೆ ಕೌಂಟರ್‌ನಲ್ಲಿ ಜನ ತುಂಬಿರುತ್ತಾರೆ. ಸೋಮವಾರವೋ ಪೆನ್ಶನ್ ಬೀಳುವ ದಿನವೋ ಆದರೆ ಕೇಳುವುದೇ ಬೇಡ. ಅಂಥ ದಿನ ಬೆಳಿಗ್ಗೆ ಮೂರು ನಿಮಿಷದಲ್ಲಿ ಹೆಸರು ಹೇಳಿಸಿ, ಜಾಗ ತೋರಿಸಿ, ಚೀಟಿ ಕೊಟ್ಟು ಕೂರಿಸಿಬಿಡಿ. ನಿಜವಾದ ಮಾತನ್ನು ಮಧ್ಯಾಹ್ನ ಜನ ಕಡಿಮೆಯಾದ ಮೇಲೆ ಇಟ್ಟುಕೊಳ್ಳಿ. ಅರ್ಧಕ್ಕೆ ಯಾರೋ ಬಂದು "ಸರ್, ಒಂದು ಪಾಸಿಂಗ್ ಇದೆ" ಅಂತ ಕರೆದು, ನೀವು ಎದ್ದು ಹೋಗಿ ಮತ್ತೆ ಬಂದು ಶುರು ಮಾಡಿದರೆ ಆ ಮಾತಿಗೆ ತೂಕ ಉಳಿಯುವುದಿಲ್ಲ.

ಒಟ್ಟು ಹನ್ನೆರಡು ನಿಮಿಷ ಸಾಕು. ಮನೆಯಲ್ಲಿ ಮೊಬೈಲ್‌ನಲ್ಲಿ ಟೈಮರ್ ಇಟ್ಟು ಒಮ್ಮೆ ಜೋರಾಗಿ ಹೇಳಿ ನೋಡಿ. ಬರೆದಾಗ ಚಿಕ್ಕದಾಗಿ ಕಂಡದ್ದು ಹೇಳುವಾಗ ಉದ್ದವಾಗುತ್ತದೆ.

ಇನ್ನು ಮುಖ್ಯವಾದದ್ದು: ಆ ಕೋಣೆಯಲ್ಲಿ ಕನಿಷ್ಠ ಇಬ್ಬರು ಸೀನಿಯರ್‌ಗಳು ಇರಬೇಕು, ಅದರಲ್ಲಿ ಒಬ್ಬರು ಕ್ಯಾಶ್ ವಿಭಾಗದವರು. ಯಾಕೆ ಅಂತ ಹಂತ 5ರಲ್ಲಿ ಹೇಳುತ್ತೇನೆ.

## ಹಂತ 3: ಏನು ಬಿಡಬೇಕು

ಇಲ್ಲಿ ಹೆಚ್ಚು ಜನ ಎಡವುವುದು ಚರಿತ್ರೆಯಲ್ಲಿ. ನಮ್ಮ ಜಿಲ್ಲೆಗಳು ಬ್ಯಾಂಕುಗಳ ತವರು, 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಅಂತ ಶುರು ಮಾಡಿದರೆ ಹತ್ತು ನಿಮಿಷ ಅಲ್ಲೇ ಹೋಗುತ್ತದೆ. ಇದನ್ನೆಲ್ಲ ಅವರು ಪರೀಕ್ಷೆಗೆ ಓದಿಯೇ ಬಂದಿರುತ್ತಾರೆ.

ಚರಿತ್ರೆಯಲ್ಲಿ ಒಂದೇ ತುಣುಕು ಮೊದಲ ದಿನವೇ ಬೇಕು, ಅದು ವಿಲೀನದ್ದು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಆದರೆ ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ "ಸಿಂಡಿಕೇಟ್", "ಕಾರ್ಪೊರೇಶನ್" ಅಂತಲೇ ಬರುತ್ತದೆ, ಹಳೆ ಪಾಸ್‌ಬುಕ್ಕನ್ನೇ ಹಿಡಿದುಕೊಂಡು ಬರುತ್ತಾರೆ. ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಹೊಸ ಹುಡುಗ ಆ ಪಾಸ್‌ಬುಕ್ ನೋಡಿ "ಇದು ನಮ್ಮ ಬ್ಯಾಂಕ್ ಅಲ್ಲ" ಅಂತ ಅಜ್ಜಿಯನ್ನು ವಾಪಸ್ ಕಳಿಸಿಬಿಡಬಹುದು. ನಿಮ್ಮದು ಈ ವಿಲೀನಕ್ಕೆ ಸೇರಿದ ಬ್ಯಾಂಕ್ ಆದರೆ ಇದನ್ನು ಒಂದು ವಾಕ್ಯದಲ್ಲಿ ಹೇಳಿ. ಬೇರೆಯದಾದರೆ ಅದೂ ಬೇಡ.

ನಿಯಮಗಳ ಪಟ್ಟಿಯೂ ಬೇಡ. ಮಿತಿ ಮೀರಿದ ನಗದು ಜಮೆಗೆ ಪ್ಯಾನ್ ಬೇಕು, ಖೋಟಾ ನೋಟು ಸಿಕ್ಕಿದರೆ ವಾಪಸ್ ಕೊಡಬಾರದು, ಇವೆಲ್ಲ ಅವರು ಕೌಂಟರ್‌ನಲ್ಲಿ ಕೂರುವ ವಾರ ಹೇಳಬೇಕಾದ ಮಾತು. ಮೊದಲ ದಿನ ಅವರ ಕೈಗೆ ಕ್ಯಾಶ್ ಬರುವುದೇ ಇಲ್ಲವಲ್ಲ.

ಟಾರ್ಗೆಟ್ ವಿಷಯವೂ ಅಷ್ಟೆ. ವಿಮೆ ಎಷ್ಟು ಮಾಡಿಸಬೇಕು, ಕ್ರೆಡಿಟ್ ಕಾರ್ಡ್ ಎಷ್ಟು ಕೊಡಬೇಕು ಅಂತ ಮೊದಲ ದಿನ ಹೇಳಿದರೆ, ಸಂಜೆ ಮನೆಗೆ ಫೋನ್ ಮಾಡಿದಾಗ ಅವರಿಗೆ ನೆನಪಾಗುವುದು ಅದೊಂದೇ.

ಪೋಸ್ಟಿಂಗ್ ಬಗ್ಗೆ ಮಾತು ಕೊಡಲೇಬೇಡಿ. "ನೋಡುವ, ಇಲ್ಲೇ ಹತ್ತಿರ ಮಾಡಿಸುವ" ಅಂತ ಪ್ರೀತಿಯಿಂದ ಅಂದದ್ದನ್ನು ಅವರು ಭರವಸೆ ಅಂತ ತಿಳಿದು ಬಾಡಿಗೆ ಮನೆಗೆ ಮುಂಗಡ ಕೊಟ್ಟುಬಿಡುತ್ತಾರೆ. ಪ್ರೊಬೇಷನ್ ಎಷ್ಟು ಸಮಯ ಅಂತ ಕೇಳಿದರೂ ಬಾಯಿಂದ ಹೇಳದೆ ಅವರ ನೇಮಕಾತಿ ಪತ್ರವನ್ನೇ ತೋರಿಸಿ.

## ಹಂತ 4: ಮಾತಿನ ಕ್ರಮ

ಇವತ್ತಿನ ದಿನದಿಂದ ಶುರು ಮಾಡಿ, ಆಮೇಲೆ ಮೂರು ಎಚ್ಚರಿಕೆ, ಆಮೇಲೆ ಅವರು ಇವತ್ತೇ ಮಾಡಬಹುದಾದ ಒಂದು ಕೆಲಸ, ಕೊನೆಗೆ ಸಂಜೆ ಎಲ್ಲಿ ಸೇರುವುದು. ಈ ಕ್ರಮವನ್ನು ತಿರುಗಿಸಬೇಡಿ. ಎಚ್ಚರಿಕೆಯನ್ನೇ ಮೊದಲು ಹೇಳಿದರೆ ಹೆದರಿಕೊಳ್ಳುತ್ತಾರೆ. ಕೂರುವ ಜಾಗ ಗೊತ್ತಿದ್ದವರು ಎಚ್ಚರಿಕೆಯನ್ನು ಸಮಾಧಾನದಿಂದ ಕೇಳುತ್ತಾರೆ.

ಭಾಷೆ ಕನ್ನಡವೇ ಇರಲಿ, ವಾಕ್ಯ ಚಿಕ್ಕದಿರಲಿ. ಕನ್ನಡ ಬಾರದವರು ಇದ್ದರೆ ಮೂರು ಎಚ್ಚರಿಕೆಗಳನ್ನು ಮಾತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಇನ್ನೊಮ್ಮೆ ಹೇಳಿ. ಸೀನಿಯರ್‌ಗಳ ಜೊತೆ ತುಳುವಿನಲ್ಲಿ ತಮಾಷೆ ಮಾಡಿ ಅರ್ಧ ಕೋಣೆ ನಕ್ಕರೆ, ಉಳಿದರ್ಧ ಅದು ತಮ್ಮ ಬಗ್ಗೆಯೇ ಅಂದುಕೊಳ್ಳುತ್ತದೆ.

## ಹಂತ 5: ಮೂರು ಎಚ್ಚರಿಕೆಗಳನ್ನು ಹೇಳುವ ಬಗೆ

ಪಾಸ್‌ವರ್ಡ್. "ಪಾಸ್‌ವರ್ಡ್ ಯಾರಿಗೂ ಕೊಡಬೇಡಿ" ಅಂತ ಎಲ್ಲರೂ ಹೇಳುತ್ತಾರೆ, ಆದರೂ ಕೊಡುವುದು ನಿಂತಿಲ್ಲ. ಕೇಳುವವರು ಹೊರಗಿನ ಕಳ್ಳರಲ್ಲ, ಪಕ್ಕದ ಸೀನಿಯರ್, ಅದಕ್ಕೇ. "ನಿನ್ನ ಐಡಿಯಲ್ಲಿ ಒಂದು ಎಂಟ್ರಿ ಹಾಕ್ತೇನೆ, ನನ್ನದು ಲಾಕ್ ಆಗಿದೆ" ಅಂತ ಅವರು ಕೇಳುತ್ತಾರೆ. ಕೆಟ್ಟ ಉದ್ದೇಶ ಇರುವುದೂ ಇಲ್ಲ, ಕ್ಯೂ ಉದ್ದ ಇದೆ ಅಷ್ಟೇ. ಆದರೆ ಬ್ಯಾಂಕಿನಲ್ಲಿ ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ನೋಡಿ ಪಾಸ್ ಮಾಡಬೇಕು ಅನ್ನುವ ಪದ್ಧತಿ ಇರುವುದೇ ಎರಡು ಕಣ್ಣುಜೋಡಿ ನೋಡಲಿ ಅಂತ. ಎರಡೂ ಐಡಿ ಒಬ್ಬರ ಕೈಯಲ್ಲಿದ್ದರೆ ಆ ಪದ್ಧತಿ ಸತ್ತಂತೆ. ನಾಳೆ ತನಿಖೆ ಬಂದಾಗ ಕಂಪ್ಯೂಟರ್ ತೋರಿಸುವುದು ಐಡಿಯನ್ನು ಮಾತ್ರ, ಕುರ್ಚಿಯಲ್ಲಿ ಯಾರಿದ್ದರು ಅಂತ ತೋರಿಸುವುದಿಲ್ಲ.

ಹಾಗಾಗಿ ಬರೀ ಬೇಡ ಅಂದರೆ ಸಾಲದು, ನಿರಾಕರಿಸಲು ಒಂದು ವಾಕ್ಯವನ್ನು ಅವರ ಬಾಯಿಗೆ ಕೊಡಬೇಕು: "ಟೀಮ್ ಲೀಡರ್ ಬೇಡ ಅಂದಿದ್ದಾರೆ ಸರ್, ಅವರನ್ನೇ ಒಮ್ಮೆ ಕೇಳಿ." ಬೇಡ ಅಂದದ್ದರ ಹೊಣೆ ಈಗ ನಿಮ್ಮ ಮೇಲೆ ಬಂತು, ಹುಡುಗನ ಮೇಲೆ ಇಲ್ಲ. ಸೀನಿಯರ್‌ಗಳು ಕೋಣೆಯಲ್ಲಿ ಇರಬೇಕು ಅಂದದ್ದು ಇದಕ್ಕೇ. ಅವರು ಕಿವಿಯಾರೆ ಕೇಳಿದ ಮೇಲೆ ಮರುದಿನ ಐಡಿ ಕೇಳಲು ಅವರಿಗೇ ಮುಜುಗರವಾಗುತ್ತದೆ.

ಗುಟ್ಟು. ಉಡುಪಿಯಂಥ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮದುವೆ ಊಟದ ಪಂಕ್ತಿಯಲ್ಲಿ ದೂರದ ಮಾವ "ಆ ದುಬೈಯವನದ್ದು ನಿಮ್ಮಲ್ಲೇ ಅಲ್ವಾ ಖಾತೆ, ಎಷ್ಟುಂಟು?" ಅಂತ ಕೇಳಿಯೇ ಕೇಳುತ್ತಾರೆ. ಇಲ್ಲಿ ಘೋಷಣಾ ಪತ್ರದ ಪ್ರತಿಯನ್ನು ಕೈಯಲ್ಲಿ ಎತ್ತಿ ತೋರಿಸಿ, ಬೆಳಿಗ್ಗೆ ನೀವು ಸಹಿ ಹಾಕಿದ್ದು ಇದಕ್ಕೆ ಅಂತ ಹೇಳಿ. ಜೊತೆಗೆ ಸೆಲ್ಫಿ ವಿಷಯ. ಮೊದಲ ದಿನದ ಖುಷಿಯಲ್ಲಿ ಹೊಸ ಕುರ್ಚಿಯಲ್ಲಿ ಕೂತು ಫೋಟೋ ತೆಗೆದು ಸ್ಟೇಟಸ್ ಹಾಕುತ್ತಾರೆ, ಹಿಂದಿನ ಸ್ಕ್ರೀನ್‌ನಲ್ಲಿ ಗ್ರಾಹಕರ ಹೆಸರು, ಬಾಕಿ ಎಲ್ಲ ಕಾಣುತ್ತಿರುತ್ತದೆ. ಫೋಟೋ ಬೇಡ ಅನ್ನಬೇಡಿ, ಬೋರ್ಡಿನ ಎದುರು ನೀವೇ ಒಂದು ತೆಗೆದು ಕೊಡಿ.

ತಪ್ಪನ್ನು ಕೂಡಲೇ ಹೇಳುವುದು. ಇದನ್ನು "ತಪ್ಪಾದರೆ ಹೆದರಬೇಡಿ" ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ಗಂಟೆ ನಿಮಿಷ ಹಾಕಿ ಒಂದು ಉದಾಹರಣೆ ಹೇಳಿ. 11 ಗಂಟೆಗೆ ಒಬ್ಬರು 5,000 ರೂಪಾಯಿ ಕಟ್ಟಿದರು. ಖಾತೆ ಸಂಖ್ಯೆಯಲ್ಲಿ ಎರಡು ಅಂಕಿ ಹಿಂದುಮುಂದಾಯಿತು, ಸ್ಕ್ರೀನ್‌ನಲ್ಲಿ ಬಂದ ಹೆಸರನ್ನು ಚಲನ್ ಜೊತೆ ಹೋಲಿಸಲಿಲ್ಲ, ಹಣ ಬೇರೆಯವರ ಖಾತೆಗೆ ಹೋಯಿತು. 11.10ಕ್ಕೆ ಗೊತ್ತಾಗಿ ಆಫೀಸರ್‌ಗೆ ಹೇಳಿದರೆ ಆ ಮೊತ್ತಕ್ಕೆ ಲೀನ್ ಹಾಕಿ ನಮೂದು ಸರಿಪಡಿಸಬಹುದು. ಬೈಯುತ್ತಾರೆ ಅಂತ ಸಂಜೆವರೆಗೆ ಬಾಯಿ ಮುಚ್ಚಿಕೊಂಡರೆ, ಅಷ್ಟರಲ್ಲಿ ಆ ಮನುಷ್ಯ ಯುಪಿಐಯಲ್ಲಿ ಅದನ್ನು ಖರ್ಚು ಮಾಡಿ ಮುಗಿಸಿರುತ್ತಾನೆ. ಆಮೇಲೆ ಅವನ ಮನೆ ಹುಡುಕಿಕೊಂಡು ಹೋಗಬೇಕು, ಪತ್ರ ಬರೆಯಬೇಕು. ತಪ್ಪು ಅದೇ, ಹೇಳಿದ ಹೊತ್ತು ಬೇರೆ.

ಕ್ಯಾಶ್ ಕಮ್ಮಿ ಬಂದರೆ ಕಿಸೆಯಿಂದ ಹಾಕಿ ಸರಿ ಮಾಡುವುದೂ, ಜಾಸ್ತಿ ಬಂದರೆ ನಾಳೆಗೆ ಇರಲಿ ಅಂತ ಡ್ರಾಯರ್‌ನಲ್ಲಿ ಇಡುವುದೂ ಇದೇ ಜಾತಿಗೆ ಸೇರಿದ್ದು. ಎರಡೂ ಲೆಕ್ಕಕ್ಕೆ ಬರಲೇಬೇಕು.

## ಹಂತ 6: ಒಂದು ಪೂರ್ತಿ ಮಾದರಿ

ಉಡುಪಿಯ ಒಂದು ಶಾಖೆ, ಆರು ಮಂದಿ ಟ್ರೈನಿಗಳು, ಅದರಲ್ಲಿ ಇಬ್ಬರಿಗೆ ಕನ್ನಡ ಅಷ್ಟಕ್ಕಷ್ಟೆ ಅಂತ ಇಟ್ಟುಕೊಳ್ಳಿ. ಮಧ್ಯಾಹ್ನ ಮೂರೂವರೆ. ಮಾತು ಹೀಗಿರಬಹುದು:

> ಎಲ್ಲರಿಗೂ ನಮಸ್ಕಾರ. ಊಟ ಆಯ್ತಲ್ವಾ? ನಾನು ನಿಮ್ಮ ಟೀಮ್ ಲೀಡರ್. ನನ್ನ ನಂಬರ್ ನಿಮ್ಮ ಚೀಟಿಯಲ್ಲಿ ಉಂಟು. ಬ್ಯಾಂಕಿಗೆ ಸ್ವಾಗತ.
>
> ಬೆಳಿಗ್ಗೆ ಯಾರ ಪಕ್ಕ ಕೂತಿದ್ದೀರೋ ಈ ವಾರ ಪೂರ್ತಿ ಅವರ ಪಕ್ಕವೇ ಕೂರುತ್ತೀರಿ. ಕೆಲಸ ಏನೂ ಮಾಡುವುದು ಬೇಡ, ನೋಡಿ. ಕೇಳಬೇಕು ಅನಿಸಿದ್ದನ್ನು ಗ್ರಾಹಕರು ಎದ್ದು ಹೋದ ಮೇಲೆ ಕೇಳಿ, ಅವರ ಎದುರು ಬೇಡ. ನಿಮ್ಮ ಲಾಗಿನ್ ಐಡಿ ಇನ್ನೂ ಬಂದಿಲ್ಲ. ಬಂದ ದಿನ ನಾನೇ ಕರೆದು ಕೊಡುತ್ತೇನೆ.
>
> ಈಗ ಮೂರು ವಿಷಯ. ಇದನ್ನು ಎಲ್ಲರೂ ಬರೆದುಕೊಳ್ಳಿ.
>
> ಒಂದು. ನಿಮ್ಮ ಐಡಿ, ಪಾಸ್‌ವರ್ಡ್ ನಿಮ್ಮದು. ನಾನು ಕೇಳಿದರೂ ಕೊಡಬೇಡಿ. ಇಲ್ಲಿ ಕೂತಿರುವ ಹೆಡ್ ಕ್ಯಾಷಿಯರ್ ಮೇಡಂ ಕೇಳಿದರೂ ಕೊಡಬೇಡಿ. ಮೇಡಂ, ಸರಿ ಅಲ್ವಾ? ಯಾರಾದರೂ ಕೇಳಿದರೆ, ಟೀಮ್ ಲೀಡರ್ ಬೇಡ ಅಂದಿದ್ದಾರೆ, ಅವರನ್ನೇ ಕೇಳಿ ಅಂತ ಹೇಳಿ. ಎದ್ದು ನೀರು ಕುಡಿಯಲು ಹೋದರೂ ಸ್ಕ್ರೀನ್ ಲಾಕ್ ಮಾಡಿಯೇ ಹೋಗಿ.
>
> ಎರಡು. ಬೆಳಿಗ್ಗೆ ಈ ಕಾಗದಕ್ಕೆ ಸಹಿ ಹಾಕಿದ್ದೀರಿ. ಇಲ್ಲಿ ನೋಡಿದ್ದನ್ನು ಹೊರಗೆ ಹೇಳುವುದಿಲ್ಲ ಅಂತ ಇದರ ಅರ್ಥ. ಮನೆಯಲ್ಲಿ ಅಪ್ಪ ಅಮ್ಮ ಕೇಳಿದರೂ ಇಲ್ಲ. ಗೊತ್ತಿಲ್ಲ ಅಂತ ಸುಳ್ಳು ಹೇಳುವುದೂ ಬೇಡ, ಹೇಳುವ ಹಾಗಿಲ್ಲ ಅಂತ ಹೇಳಿ, ಸಾಕು. ಕೌಂಟರ್ ಒಳಗೆ ಫೋಟೋ ತೆಗೆಯಬೇಡಿ. ಐದು ಗಂಟೆಗೆ ಹೊರಗೆ ಬೋರ್ಡಿನ ಎದುರು ಎಲ್ಲರದ್ದೂ ಒಂದು ಫೋಟೋ ತೆಗೆಯುವ.
>
> ಮೂರು. ತಪ್ಪಾದರೆ ಆ ಕ್ಷಣ ಹೇಳಿ. ಹತ್ತು ನಿಮಿಷದಲ್ಲಿ ಹೇಳಿದ ತಪ್ಪನ್ನು ನಾವು ಇಲ್ಲೇ ಸರಿ ಮಾಡಬಹುದು. ಸಂಜೆ ಹೇಳಿದರೆ ಹಣ ಕೈ ಬಿಟ್ಟು ಹೋಗಿರುತ್ತದೆ. ಹೇಳಿದವರಿಗೆ ನಾನು ಎಲ್ಲರೆದುರು ಬೈಯುವುದಿಲ್ಲ.
>
> ಇನ್ನು ನಿಮ್ಮಿಂದ ಇವತ್ತೇ ಆಗುವ ಒಂದು ಕೆಲಸ. ನಮ್ಮಲ್ಲಿಗೆ ಬರುವ ತುಂಬ ಮಂದಿ ಹಿರಿಯರ ಮಕ್ಕಳು ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಮನೆಯಲ್ಲಿ ಅವರೊಬ್ಬರೇ. ಯಾರಾದರೂ ಹಿರಿಯರು ಫೋನ್ ಕಿವಿಯಲ್ಲೇ ಇಟ್ಟುಕೊಂಡು ಬಂದು, ಮುಖ ಬಾಡಿಸಿಕೊಂಡು, ಎಫ್‌ಡಿ ಈಗಲೇ ಮುರಿದು ಯಾವುದೋ ಖಾತೆಗೆ ಕಳಿಸಿ ಅಂತ ಅವಸರ ಮಾಡಿದರೆ, ಯಾಕೆ ಅಂತ ಕೇಳಿದರೆ ಉತ್ತರ ಹೇಳದಿದ್ದರೆ, ಕೂಡಲೇ ನನಗೆ ಬಂದು ಹೇಳಿ. ಪೊಲೀಸರು ಅಂತ ಹೇಳಿಕೊಂಡು ಫೋನಿನಲ್ಲೇ ಹೆದರಿಸುವ ಕಳ್ಳರು ಆ ಕಡೆ ಇರಬಹುದು. ಕೌಂಟರ್‌ನಲ್ಲಿ ಇರುವವರಿಗೆ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ನಿಮಗೆ ಉಂಟು. ಹಣ ಹೋಗಿಬಿಟ್ಟಿದ್ದರೆ ಕರೆ ಮಾಡುವ ನಂಬರ್ 1930, ಅದೂ ಚೀಟಿಯಲ್ಲಿ ಉಂಟು.
>
> ಕನ್ನಡ, ತುಳು ಬಾರದವರು ಎರಡು ಮಾತು ಕಲಿಯಿರಿ. ಕುಲ್ಲುಲೆ ಅಂದರೆ ಕೂತುಕೊಳ್ಳಿ. ಎಂಕ್ ತುಳು ಬರ್ಪುಜಿ ಅಂದರೆ ನನಗೆ ತುಳು ಬರುವುದಿಲ್ಲ. ಇಷ್ಟು ಹೇಳಿ, ಪಕ್ಕದವರನ್ನು ಕರೆಯಿರಿ.
>
> ನಾಲ್ಕೂಮುಕ್ಕಾಲಿಗೆ ಇಲ್ಲಿಯೇ ಸೇರುವ. ಈಗ ನಿಮ್ಮ ನಿಮ್ಮ ಜಾಗಕ್ಕೆ ಹೋಗಿ.

ಗಮನಿಸಿ, ಇಲ್ಲಿ ಹೆಡ್ ಕ್ಯಾಷಿಯರ್‌ಗೆ "ಸರಿ ಅಲ್ವಾ?" ಅಂತ ಕೇಳಿದ್ದು ಸುಮ್ನೆ ಅಲ್ಲ. ಅವರು ಎಲ್ಲರೆದುರು ಹೌದು ಅಂದರೆ ಆ ನಿಯಮಕ್ಕೆ ಅವರೂ ಒಪ್ಪಿದಂತೆ. ಆದರೆ ಅವರಿಗೆ ಮೊದಲೇ ಒಂದು ಮಾತು ಹೇಳಿರಿ, ಇಲ್ಲದಿದ್ದರೆ ತಮ್ಮನ್ನು ಅನುಮಾನಿಸಿದರು ಅಂತ ಬೇಸರ ಮಾಡಿಕೊಳ್ಳಬಹುದು. "ಬೈಯುವುದಿಲ್ಲ" ಅನ್ನುವ ವಾಕ್ಯವನ್ನು ನಿಮ್ಮಿಂದ ನಡೆಸಲು ಆಗುತ್ತದೆ ಅಂತಾದರೆ ಮಾತ್ರ ಹೇಳಿ. ಒಮ್ಮೆ ಹೇಳಿ ಮರುವಾರ ಕೌಂಟರ್‌ನಲ್ಲೇ ಕೂಗಾಡಿದರೆ ಆ ಬ್ಯಾಚ್ ಮತ್ತೆ ಯಾವ ತಪ್ಪನ್ನೂ ನಿಮಗೆ ಹೇಳುವುದಿಲ್ಲ.

## ಹಂತ 7: ಮಾತು ತಲುಪಿತೋ ಇಲ್ಲವೋ ತಿಳಿಯುವುದು

"ಪ್ರಶ್ನೆ ಏನಾದರೂ ಇದೆಯಾ?" ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಆ ಮೌನವನ್ನು ಒಪ್ಪಿಗೆ ಅಂತ ತಿಳಿಯಬೇಡಿ. ಬದಲಿಗೆ ಖಾಲಿ ಚೀಟಿ ಕೊಟ್ಟು, ಹೆಸರು ಬರೆಯದೆ ಒಂದು ಪ್ರಶ್ನೆ ಬರೆದು ಸಂಜೆ ಕೊಡಲು ಹೇಳಿ. ಆಗ ನಿಜವಾದ ಪ್ರಶ್ನೆಗಳು ಬರುತ್ತವೆ: ಸಂಬಳ ಯಾವಾಗ, ಪಿಜಿ ಎಲ್ಲಿ ಸಿಗುತ್ತದೆ, ಕುಂದಾಪುರದಿಂದ ದಿನಾ ಬಂದು ಹೋಗಬಹುದಾ, ಮದುವೆ ನಿಶ್ಚಯ ಆಗಿದೆ ರಜೆ ಸಿಗುತ್ತದಾ.

ಮಾತಿನ ಮಧ್ಯೆಯೇ ಕಾಣುವ ಸೂಚನೆಗಳೂ ಇವೆ. ಪ್ರತಿ ವಾಕ್ಯಕ್ಕೂ ತಲೆ ಆಡಿಸುವವರು ಹೆಚ್ಚಾಗಿ ಭಾಷೆ ಅರ್ಥವಾಗದವರು. ಮಾತು ಮುಗಿದ ಮೇಲೆ ಪಕ್ಕದವರ ಪುಸ್ತಕ ನೋಡಿ ನಕಲು ಮಾಡುತ್ತಿದ್ದರೆ ಅನುಮಾನವೇ ಬೇಡ. ಅವರನ್ನು ಪ್ರತ್ಯೇಕ ಕರೆದು ಆ ಮೂರನ್ನು ಮಾತ್ರ ಇನ್ನೊಮ್ಮೆ ಹೇಳಿ, ಎರಡು ನಿಮಿಷದ ಕೆಲಸ.

## ಹಂತ 8: ಸಂಜೆ, ಮತ್ತು ಐಡಿ ಬರುವ ದಿನ

ನಾಲ್ಕೂಮುಕ್ಕಾಲಿಗೆ ಹತ್ತು ನಿಮಿಷ ಕೂತು ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ಇವತ್ತು ಏನು ನೋಡಿದಿರಿ? ಒಬ್ಬಳು ಚಿನ್ನದ ಸಾಲಕ್ಕೆ ಅಪ್ರೈಸರ್ ತೂಕ ಮಾಡಿದ್ದನ್ನು ಹೇಳಿದರೆ, ಒಬ್ಬ ಪಾಸ್‌ಬುಕ್ ಪ್ರಿಂಟರ್ ಮೂರು ಸಲ ಕೆಟ್ಟದ್ದನ್ನು ಹೇಳಿದರೆ, ಅವರನ್ನು ಸರಿಯಾಗಿ ಕೂರಿಸಿದ್ದಾರೆ ಅಂತ ಅರ್ಥ. "ಏನಿಲ್ಲ ಸರ್, ಎಲ್ಲ ಚೆನ್ನಾಗಿತ್ತು" ಅಂದರೆ ಪಕ್ಕದ ಸೀನಿಯರ್ ಅವರ ಜೊತೆ ಮಾತೇ ಆಡಿಲ್ಲ. ಆ ಜೋಡಿಯನ್ನು ನಾಳೆಯೇ ಬದಲಿಸಿ, ವಾರ ಕಾಯಬೇಡಿ.

ಚೀಟಿಯ ಪ್ರಶ್ನೆಗಳಿಗೆ ಆಗಲೇ ಉತ್ತರ ಕೊಡಿ. ಗೊತ್ತಿಲ್ಲದ್ದನ್ನು ಎಚ್‌ಆರ್ ವಿಭಾಗಕ್ಕೆ ಕೇಳಿ ಯಾವ ದಿನ ಹೇಳುತ್ತೀರಿ ಅಂತ ದಿನ ಸಮೇತ ಹೇಳಿ.

ಕೊನೆಗೆ ಒಂದು ವಿಷಯ, ಇದನ್ನು ತುಂಬ ಜನ ಮರೆಯುತ್ತಾರೆ. ಮೊದಲ ದಿನ ಪಾಸ್‌ವರ್ಡ್ ಬಗ್ಗೆ ಹೇಳುವಾಗ ಅವರ ಹತ್ತಿರ ಐಡಿಯೇ ಇರುವುದಿಲ್ಲ, ಹಾಗಾಗಿ ಮಾತು ಅರ್ಧ ಮಾತ್ರ ತಲೆಗೆ ಹೋಗಿರುತ್ತದೆ. ಐಡಿ ಬಂದ ದಿನ ಅವರನ್ನು ನಿಮ್ಮ ಟೇಬಲ್ಲಿಗೆ ಕರೆದು, ಹೊಸ ಪಾಸ್‌ವರ್ಡನ್ನು ನೀವು ಬೇರೆ ಕಡೆ ನೋಡುತ್ತಿರುವಾಗ ಹಾಕಿಸಿ, ಆಮೇಲೆ ಆ ನಿರಾಕರಿಸುವ ವಾಕ್ಯವನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸಿ. ಮೆಲ್ಲಗೆ ಹೇಳಿದರೆ ಇನ್ನೊಮ್ಮೆ ಹೇಳಿಸಿ, ಪಕ್ಕದ ಟೇಬಲ್ಲಿಗೆ ಕೇಳಿಸುವಷ್ಟು.